ಮಿಸೆಸ್ ಪೋರ್ಟರ್ ಹಾಡಿನ ಮಟ್ಟು: ಕವಿತೆಯೊಳಗಿನ ಒಂದು ಹಾಡಿನ ಸಾಲನ್ನು ಹುಡುಕಿದ ಪ್ರಕರಣ

ಟಿ. ಎಸ್. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' ಕವಿತೆಯ ಮೂರನೆಯ ಭಾಗದಲ್ಲಿ, 199ನೆಯ ಸಾಲಿನಿಂದ, ಇದ್ದಕ್ಕಿದ್ದಂತೆ ಒಂದು ಹಾಡು ಕೇಳಿಸುತ್ತದೆ: 'ಓ ದ ಮೂನ್ ಶೋನ್ ಬ್ರೈಟ್ ಆನ್ ಮಿಸೆಸ್ ಪೋರ್ಟರ್'. ಅದರ ಬೆನ್ನಿಗೆ 'ಆಂಡ್ ಆನ್ ಹರ್ ಡಾಟರ್' ಎಂಬ ತುಂಡು ಸಾಲು, ಆಮೇಲೆ 'ದೇ ವಾಷ್ ದೇರ್ ಫೀಟ್ ಇನ್ ಸೋಡಾ ವಾಟರ್'. ಮಿಸೆಸ್ ಪೋರ್ಟರಳ ಮೇಲೂ ಅವಳ ಮಗಳ ಮೇಲೂ ಬೆಳದಿಂಗಳು ಬಿದ್ದಿದೆ, ಅವರಿಬ್ಬರೂ ಸೋಡಾ ನೀರಿನಲ್ಲಿ ಕಾಲು ತೊಳೆದುಕೊಳ್ಳುತ್ತಾರೆ ಎನ್ನುವುದಷ್ಟೇ ಇದರ ಅರ್ಥ. ಅಲ್ಲಿಗೆ ಹಾಡು ನಿಂತುಹೋಗುತ್ತದೆ. ಹಾಡಿನ ಹೆಸರಿಲ್ಲ, ಹಾಡುವವರು ಯಾರೆಂಬ ಸೂಚನೆಯಿಲ್ಲ. ನಮಗೆ ಸಿಗುವ ಸನ್ನಿವೇಶವೆಂದರೆ ಲಂಡನ್ನಿನ ಥೇಮ್ಸ್ ನದಿಯ ಆಸುಪಾಸು, ಮೋಟಾರುಗಳ ಹಾರನ್ ಸದ್ದು, ವಸಂತದಲ್ಲಿ ಮಿಸೆಸ್ ಪೋರ್ಟರಳ ಬಳಿಗೆ ಬರುವ ಸ್ವೀನಿ ಎಂಬ ಒರಟು ಗಂಡಸು.

ಬೆಂಗಳೂರಿನ ಜಯನಗರದಲ್ಲಿ ನಡೆಯುವ ನಮ್ಮ ಓದುಬಳಗಕ್ಕಾಗಿ ಈ ಭಾಗವನ್ನು ಕನ್ನಡಕ್ಕೆ ತರುತ್ತಿದ್ದ ಗೆಳತಿಯೊಬ್ಬರು ಈ ಮೂರು ಸಾಲುಗಳಲ್ಲಿ ಸಿಕ್ಕಿಹಾಕಿಕೊಂಡರು. ಉಳಿದ ಸಾಲುಗಳನ್ನು ಓದುವ ಲಯದಲ್ಲಿ ಅನುವಾದಿಸಬಹುದು, ಆದರೆ ಹಾಡನ್ನು ಹಾಡಾಗಿಯೇ ತರಬೇಕಾದರೆ ಅದು ಯಾವ ಜಾತಿಯ ಹಾಡು, ಎಷ್ಟು ಕಾಲದ್ದು, ಯಾರ ಬಾಯಲ್ಲಿ ಓಡಾಡಿದ್ದು ಎಂಬುದು ತಿಳಿಯಬೇಕು ಎಂದು ಅವರು ಹಟ ಹಿಡಿದದ್ದು ಸರಿಯಾಗಿಯೇ ಇತ್ತು. ಹುಡುಕಾಟದಲ್ಲಿ ನಾನೂ ಜೊತೆಯಾದೆ. ಟಿಪ್ಪಣಿಗಳಿರುವ ಆವೃತ್ತಿಗಳು ಈ ಹಾಡಿನ ಬಗ್ಗೆ ಒಂದೆರಡು ವಾಕ್ಯಗಳನ್ನು ಕೊಡುತ್ತವೆ ನಿಜ. ಆದರೆ ಆ ವಾಕ್ಯಗಳು ಯಾವ ಆಧಾರದ ಮೇಲೆ ನಿಂತಿವೆ, ಅವುಗಳಲ್ಲಿ ಯಾವುದು ಗಟ್ಟಿ, ಯಾವುದು ಕೇಳಿದ ಮಾತು ಎಂಬುದನ್ನು ತಿಳಿಯಲು ದಾರಿಯನ್ನು ಮೊದಲಿನಿಂದ ನಾವೇ ನಡೆದು ನೋಡಬೇಕಾಯಿತು.

ಮೊದಲ ಆಧಾರ ಕವಿಯ ಮಾತೇ. ಕವಿತೆ 1922ರ ಅಕ್ಟೋಬರಿನಲ್ಲಿ ಪತ್ರಿಕೆಯಲ್ಲಿ ಬಂದಾಗ ಟಿಪ್ಪಣಿಗಳಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪುಸ್ತಕವಾಗಿ ಬಂದಾಗ ಎಲಿಯಟ್ ಟಿಪ್ಪಣಿಗಳನ್ನು ಸೇರಿಸಿದ. ಈ ಸಾಲುಗಳಿಗೆ ಸಂಬಂಧಿಸಿದಂತೆ ಅವನು ಹೇಳುವುದು ಇಷ್ಟು: ಇವು ಯಾವ ಬ್ಯಾಲಡ್‌ನಿಂದ ಬಂದವೋ ಅದರ ಮೂಲ ತನಗೆ ತಿಳಿಯದು, ಅದು ತನಗೆ ಆಸ್ಟ್ರೇಲಿಯಾದ ಸಿಡ್ನಿಯಿಂದ ವರದಿಯಾಗಿ ಬಂದದ್ದು. ಇದಕ್ಕೆ ಹಿಂದಿನ ಸಾಲುಗಳಿಗೆ ಆಂಡ್ರೂ ಮಾರ್ವೆಲ್ ಮತ್ತು ಜಾನ್ ಡೇ ಎಂಬ ಹದಿನೇಳನೆಯ ಶತಮಾನದ ಕವಿಗಳನ್ನೂ, ಮುಂದಿನ ಸಾಲಿಗೆ ಫ್ರೆಂಚ್ ಕವಿ ವರ್ಲೇನ್‌ನನ್ನೂ ಅವನು ಹೆಸರಿಸಿ ತೋರಿಸುತ್ತಾನೆ. ನಡುವಿನ ಹಾಡಿಗೆ ಮಾತ್ರ ಊರಿನ ಹೆಸರು. ಪುಸ್ತಕದಿಂದ ಬಂದ ಸಾಲಿಗೆ ಪುಸ್ತಕ, ಬಾಯಿಂದ ಬಂದ ಸಾಲಿಗೆ ಊರು ಎಂಬ ಈ ವ್ಯತ್ಯಾಸವೇ ನಮಗೆ ಸಿಕ್ಕ ಮೊದಲ ಉಪಯುಕ್ತ ಸಂಗತಿ. ಇದು ಅಚ್ಚಿನಲ್ಲಿ ಹುಟ್ಟಿದ ಹಾಡಲ್ಲ, ಕೇಳಿ ಹೇಳಿ ಹರಡಿದ್ದು.

ಆದರೆ ಅದೇ ಟಿಪ್ಪಣಿಯಲ್ಲಿ ದಾರಿ ತಪ್ಪಿಸುವ ಮಾತೂ ಇದೆ. ಬ್ಯಾಲಡ್ ಎಂದೊಡನೆ ನಮ್ಮ ಮನಸ್ಸು ಕಥನಗೀತೆಯ ಕಡೆಗೆ, ಲಾವಣಿಯ ಕಡೆಗೆ ಹೋಗುತ್ತದೆ. ಗೆಳತಿಯವರೂ ಆಸ್ಟ್ರೇಲಿಯಾದ ದನಗಾಹಿಗಳು, ಕುರಿ ಕತ್ತರಿಸುವವರು, ದರೋಡೆಕೋರರು ಬರುವ ಹಳೆಯ ಕಥನಗೀತೆಗಳ ಸಂಗ್ರಹಗಳನ್ನು ತಿರುವಿಹಾಕಿದರು. ಅವುಗಳಲ್ಲಿ ಮಿಸೆಸ್ ಪೋರ್ಟರ್ ಇರಲಿಲ್ಲ. ಹಾಗಾದಾಗ ಸಂಗ್ರಹ ಅಪೂರ್ಣವೆಂದು ಮತ್ತೊಂದು ಸಂಗ್ರಹಕ್ಕೆ ಕೈಹಾಕುವ ಬದಲು, ಕವಿ ಕೊಟ್ಟ ವರ್ಗದ ಹೆಸರನ್ನೇ ಬದಿಗಿಟ್ಟು, ಅವನು ಖಚಿತವಾಗಿ ಬಲ್ಲ ಸಂಗತಿಯನ್ನಷ್ಟೇ ಉಳಿಸಿಕೊಳ್ಳುವುದು ಲೇಸು. ಎಲಿಯಟ್ ಬಲ್ಲದ್ದು ಹಾಡು ತನಗೆ ಎಲ್ಲಿಂದ ಬಂತು ಎಂಬುದನ್ನು. ಅದು ಎಂಥ ಹಾಡು ಎಂಬುದು ಅವನ ಊಹೆ.

ಎರಡನೆಯ ತೊಡಕು ಹೆಸರಿನದು. ಹುಡುಕುವ ಯಾರಿಗಾದರೂ 'ಮಿಸೆಸ್ ಪೋರ್ಟರ್' ಎಂಬುದೇ ಹಿಡಿಯಲು ಸುಲಭವಾದ ಗುರುತಾಗಿ ಕಾಣುತ್ತದೆ. ಹಾಗೆ ಹುಡುಕಿದಾಗ ಸಿಕ್ಕಿದ್ದೆಲ್ಲ ಎಲಿಯಟ್‌ನ ಕವಿತೆಯನ್ನೇ ಸುತ್ತುತ್ತಿತ್ತು: ಕವಿತೆಯ ಪಾಠ, ಅದರ ವ್ಯಾಖ್ಯಾನ, ವ್ಯಾಖ್ಯಾನವನ್ನು ಉದ್ಧರಿಸಿದ ಲೇಖನ. ಇಷ್ಟು ಪ್ರಸಿದ್ಧವಾದ ಕವಿತೆಯೊಂದು ಒಂದು ಹಾಡನ್ನು ಎತ್ತಿಕೊಂಡ ಮೇಲೆ, ಆ ಹಾಡಿನ ಬಗ್ಗೆ ಮುಂದೆ ಯಾರು ಏನೇ ಬರೆದರೂ ಅದಕ್ಕೆ ಕವಿತೆಯ ಬಣ್ಣ ಹತ್ತಿರುವ ಸಾಧ್ಯತೆ ಇದ್ದೇ ಇರುತ್ತದೆ. ಆದ್ದರಿಂದ ನಾವು ಒಂದು ಕಟ್ಟುನಿಟ್ಟಿನ ಗೆರೆ ಎಳೆದುಕೊಂಡೆವು. 1922ಕ್ಕೆ ಮೊದಲಿನದು ಸಾಕ್ಷಿ, ಅನಂತರದ್ದು ಹೇಳಿಕೆ. ಹೇಳಿಕೆಯನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಬೇರೆ ಯಾವುದಾದರೂ ಆಧಾರ ಅದರ ಬೆನ್ನಿಗೆ ನಿಲ್ಲುವವರೆಗೆ ಅದರ ಮೇಲೆ ಏನನ್ನೂ ಕಟ್ಟಬಾರದು.

ಈ ಗೆರೆಯನ್ನು ಎಳೆದ ಮೇಲೆ ಹೆಸರು ನಿರುಪಯೋಗಿಯಾಯಿತು. ಉಳಿದದ್ದು ಸಾಲಿನ ಚೌಕಟ್ಟು. ಪೋರ್ಟರ್, ಡಾಟರ್, ವಾಟರ್ ಎಂದು ಪ್ರಾಸ ಹೇಗೆ ಸರಪಳಿಯಾಗಿ ಇಳಿಯುತ್ತದೆ ಎಂಬುದನ್ನು ನೋಡಿದರೆ, ಪ್ರಾಸ ಸಿಗಲೆಂದೇ ಆ ಹೆಸರನ್ನು ಆರಿಸಿಕೊಂಡಂತೆ ಕಾಣುತ್ತದೆ. ಅಂದರೆ ಇದು ಒಬ್ಬ ಹೆಂಗಸಿನ ಕಥೆ ಹೇಳಲು ಹುಟ್ಟಿದ ಹಾಡಲ್ಲ. ಬೇರೆ ಯಾವುದೋ ಹಾಡಿನ ಮಟ್ಟಿಗೆ ಹೊಸ ಮಾತು ಕೂಡಿಸಿದ ಅಣಕುಹಾಡು. ಕನ್ನಡದ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳನ್ನು ನೋಡಿದವರಿಗೆ ಇದು ಹೊಸ ವಿಚಾರವಲ್ಲ. ಅಲ್ಲಿ ಹಾಡಿನ ನೆತ್ತಿಯ ಮೇಲೆ ಇಂಥ ಹಾಡು 'ಎಂಬ ಮಟ್ಟು' ಎಂದು ಅಚ್ಚಾಗಿರುತ್ತದೆ, ಓದುಗನಿಗೆ ಮೂಲದ ಧಾಟಿ ಗೊತ್ತಿದ್ದರೆ ಹೊಸ ಸಾಹಿತ್ಯ ತಾನೇ ಬಾಯಿಗೆ ಬರುತ್ತದೆ. ಎಲಿಯಟ್‌ನ ಮೂರು ಸಾಲಿನ ಮೇಲೆ ಆ ತಲೆಬರಹ ಇಲ್ಲ. ನಾವು ಹುಡುಕಬೇಕಾದದ್ದು ಅದನ್ನು.

ಅಣಕುಹಾಡಿನಲ್ಲಿ ಏನು ಬದಲಾಗುತ್ತದೆ, ಏನು ಉಳಿಯುತ್ತದೆ ಎಂಬುದಕ್ಕೆ ಸಾಮಾನ್ಯವಾಗಿ ಒಂದು ಕ್ರಮವಿದೆ. ವ್ಯಕ್ತಿಯ ಹೆಸರು, ಪ್ರಾಸದ ಪದಗಳು ಮೊದಲು ಹೋಗುತ್ತವೆ. ಪಲ್ಲವಿಯ ಮೊದಲ ನಾಲ್ಕಾರು ಪದಗಳು ಉಳಿಯುತ್ತವೆ, ಏಕೆಂದರೆ ಕೇಳುವವರು ಮೂಲವನ್ನು ಗುರುತಿಸಿ ನಗಬೇಕಾದದ್ದು ಅವುಗಳಿಂದಲೇ. ಹೀಗಾಗಿ 'ಚಂದ್ರ ಬೆಳಗುತ್ತಿದೆ, ಇಂಥವರ ಮೇಲೆ' ಎಂಬ ಚೌಕಟ್ಟನ್ನು ಮಾತ್ರ ಇಟ್ಟುಕೊಂಡು, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಕ್ರಿಯಾಪದದ ಕಾಲವನ್ನೂ ಬದಲಿಸಿ ಹುಡುಕಬೇಕು. ಎಲಿಯಟ್ 'ಶೋನ್' ಎಂದು ಭೂತಕಾಲದಲ್ಲಿ ಬರೆದಿದ್ದಾನೆಂದು ಅದಕ್ಕೇ ಅಂಟಿಕೊಂಡರೆ ಮೂಲ ಕೈಗೆ ಸಿಗುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಬರೆದದ್ದು ಹೀಗಿತ್ತು, ಕಾಲದ ಮಿತಿ 1921:

```
"moon shines * on"
```

ಹೀಗೆ ಹುಡುಕಿದಾಗ ಎರಡು ಹಾಡುಗಳು ಮುಂದೆ ಬಂದವು. ಮೊದಲನೆಯದು 'ರೆಡ್ ವಿಂಗ್', 1907ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಜನಪ್ರಿಯ ಹಾಡು. ಸಂಗೀತ ಕೆರಿ ಮಿಲ್ಸ್ ಅವನದು, ಸಾಹಿತ್ಯ ಥರ್ಲಂಡ್ ಚಾಟವೇ ಅವನದು. ಯುದ್ಧಕ್ಕೆ ಹೋಗಿ ಮಡಿದ ನಲ್ಲನಿಗಾಗಿ ಅಳುವ ಅಮೆರಿಕದ ಮೂಲನಿವಾಸಿ ಹುಡುಗಿಯೊಬ್ಬಳ ಕಥೆ ಅದರಲ್ಲಿದೆ. ಪಲ್ಲವಿ ಶುರುವಾಗುವುದು 'ನೌ ದ ಮೂನ್ ಷೈನ್ಸ್ ಟುನೈಟ್ ಆನ್ ಪ್ರೆಟಿ ರೆಡ್ ವಿಂಗ್' ಎಂದು. ಎರಡನೆಯದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರು ಹಾಡುತ್ತಿದ್ದ ಅದರ ಅಣಕು: 'ಫಾರ್ ದ ಮೂನ್ ಷೈನ್ಸ್ ಬ್ರೈಟ್ ಆನ್ ಚಾರ್ಲಿ ಚಾಪ್ಲಿನ್'. ಚಾಪ್ಲಿನ್ ತೆರೆಗೆ ಬಂದದ್ದು 1914ರಲ್ಲಿ, ಆದ್ದರಿಂದ ಈ ಅಣಕು ಅದಕ್ಕಿಂತ ಹಿಂದಿನದಾಗಲಾರದು. ಅವನ ಬೂಟು ಬಿರಿದಿದೆ, ದೊಗಲೆ ಪ್ಯಾಂಟು ಹೊಲಿಯಬೇಕಾಗಿದೆ ಎಂದು ಹಾಸ್ಯ ಮಾಡುತ್ತ, ಅವನನ್ನು ಡಾರ್ಡನೆಲ್ಸ್‌ಗೆ ಕಳಿಸುವ ಮಾತಿನೊಂದಿಗೆ ಅದು ಮುಗಿಯುತ್ತದೆ.

ಇಲ್ಲಿ ಊರಿನ ಸುಳಿವು ಮತ್ತೆ ಕೆಲಸಕ್ಕೆ ಬಂತು. ಡಾರ್ಡನೆಲ್ಸ್ ಎಂದರೆ ತುರ್ಕಿಯ ಗಲ್ಲಿಪೋಲಿಯ ಕಡಲದಾರಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಪಡೆಗಳು ಅಲ್ಲಿ ದಡ ಹತ್ತಿದ್ದು 1915ರ ಏಪ್ರಿಲ್ 25ರಂದು. ಬ್ರಿಟಿಷ್ ಸೈನಿಕರೂ ಆಸ್ಟ್ರೇಲಿಯಾದ ಸೈನಿಕರೂ ಅಕ್ಕಪಕ್ಕದಲ್ಲಿ ಕಾದಾಡಿದ ರಣರಂಗವದು. 'ಸಿಡ್ನಿಯಿಂದ ಬಂದದ್ದು' ಎಂಬ ಮಾತನ್ನು ಆಸ್ಟ್ರೇಲಿಯಾದ ಹಳ್ಳಿಗಾಡಿನ ಕಡೆಗೆ ತಿರುಗಿಸದೆ ಆಸ್ಟ್ರೇಲಿಯಾದ ಸೈನಿಕನ ಕಡೆಗೆ ತಿರುಗಿಸಿದರೆ ಎಲ್ಲ ಒಂದೆಡೆ ಕೂಡುತ್ತದೆ. ಈ ಹಾಡನ್ನು ಗಲ್ಲಿಪೋಲಿಯ ಆಸ್ಟ್ರೇಲಿಯನ್ ಸೈನಿಕರು ಹಾಡುತ್ತಿದ್ದರೆಂದು, ಅವರ ಪಾಠ ಕವಿತೆಯಲ್ಲಿರುವಷ್ಟು ಸಭ್ಯವಾಗಿರಲಿಲ್ಲವೆಂದು ವ್ಯಾಖ್ಯಾನಕಾರರು ಹೇಳುತ್ತ ಬಂದಿರುವುದು 1922ರ ಅನಂತರ. ನಮ್ಮ ಗೆರೆಯ ಪ್ರಕಾರ ಅದು ಹೇಳಿಕೆ. ಆದರೆ ಈಗ ಅದರ ಬೆನ್ನಿಗೆ ನಿಲ್ಲಲು ಒಂದು ಮಟ್ಟು ಸಿಕ್ಕಿತ್ತು.

ಮಟ್ಟು ಸಿಕ್ಕಿತೆಂದು ಹೇಳುವುದಕ್ಕೆ ಮೊದಲ ಸಾಲಿನ ಹೋಲಿಕೆಯೊಂದೇ ಸಾಲದು. ಚಂದ್ರ ಬೆಳಗುವ ಹಾಡುಗಳು ಲೋಕದಲ್ಲಿ ಎಷ್ಟೋ ಇವೆ. ನಾವು ಮಾಡಿದ್ದು ಮೂರೂ ಪಾಠಗಳನ್ನು ಒಂದರ ಕೆಳಗೊಂದು ಬರೆದು, ಉಚ್ಚಾರದ ಅಕ್ಷರಗಳನ್ನೂ ಒತ್ತು ಬೀಳುವ ಜಾಗಗಳನ್ನೂ ಎಣಿಸಿದ್ದು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಪ್ರಕರಣ ಬಗೆಹರಿದದ್ದೇ ಇಲ್ಲಿ.

ಮೊದಲ ಸಾಲಿನಲ್ಲಿ ಮೂರು ಪಾಠಗಳಿಗೂ ನಾಲ್ಕು ಒತ್ತು. ರೆಡ್ ವಿಂಗ್‌ನಲ್ಲಿ ಒತ್ತು ಬೀಳುವುದು 'ಮೂನ್', 'ನೈಟ್', 'ಪ್ರೆ', 'ರೆಡ್' ಎಂಬಲ್ಲಿ. ಎಲಿಯಟ್‌ನಲ್ಲಿ 'ಮೂನ್', 'ಬ್ರೈಟ್', 'ಮಿ', 'ಪೋರ್' ಎಂಬಲ್ಲಿ. ಚಾಪ್ಲಿನ್ ಪಾಠಕ್ಕೂ ಪೋರ್ಟರ್ ಪಾಠಕ್ಕೂ ಸಾಲಿಗೆ ಹತ್ತು ಅಕ್ಷರ, ಎರಡರಲ್ಲೂ ಮೂಲದ 'ಟುನೈಟ್' ಹೋಗಿ 'ಬ್ರೈಟ್' ಬಂದಿದೆ. ಹಾಗಾಗಿ ಪೋರ್ಟರ್ ಪಾಠ 1907ರ ಅಚ್ಚಿನ ಹಾಳೆಗಿಂತ ಸೈನಿಕರ ಬಾಯಿಯ ಪಾಠಕ್ಕೆ ಹತ್ತಿರದ ನಂಟು. ಇವೆರಡರಲ್ಲಿ ಯಾವುದು ಅಕ್ಕ, ಯಾವುದು ತಂಗಿ ಎಂಬುದನ್ನು ಈ ಹೋಲಿಕೆ ತೀರ್ಮಾನಿಸುವುದಿಲ್ಲ.

ಎರಡನೆಯ ಸಾಲಿನಲ್ಲಿ ಲೆಕ್ಕ ತಪ್ಪುತ್ತದೆ. ರೆಡ್ ವಿಂಗ್‌ನ ಪಲ್ಲವಿಯಲ್ಲಿ ಇಲ್ಲಿ ಐದೈದು ಅಕ್ಷರದ ಎರಡು ತುಂಡುಗಳಿವೆ, ತಮ್ಮಲ್ಲೇ ಪ್ರಾಸ ಕೂಡುತ್ತವೆ: 'ದ ಬ್ರೀಜ್ ಈಸ್ ಸೈಯಿಂಗ್, ದ ನೈಟ್‌ಬರ್ಡ್ಸ್ ಕ್ರೈಯಿಂಗ್'. ಚಾಪ್ಲಿನ್ ಪಾಠದಲ್ಲೂ ಅಷ್ಟೇ: 'ಹಿಸ್ ಬೂಟ್ಸ್ ಆರ್ ಕ್ರ್ಯಾಕಿಂಗ್, ಫಾರ್ ವಾಂಟ್ ಆಫ್ ಬ್ಲ್ಯಾಕಿಂಗ್'. ಎಲಿಯಟ್‌ನಲ್ಲಿ ಮಾತ್ರ 'ಆಂಡ್ ಆನ್ ಹರ್ ಡಾಟರ್' ಎಂಬ ಐದಕ್ಷರದ ಒಂದೇ ತುಂಡು. ಜೋಡಿಯ ಇನ್ನರ್ಧ ಇಲ್ಲ. ಈ ಧಾಟಿಯಲ್ಲಿ ಹಾಡಲು ಹೋದರೆ ಇಲ್ಲಿ ಬಾಯಿ ತಡೆಯುತ್ತದೆ.

ವ್ಯಾಖ್ಯಾನಗಳಲ್ಲಿ ಈ ಹಾಡಿನ ಇನ್ನೂ ಉದ್ದವಾದ ಒಂದು ಪಾಠ ಓಡಾಡುತ್ತದೆ. ಅದರಲ್ಲಿ ಎರಡನೆಯ ಸಾಲು 'ಆಂಡ್ ಆನ್ ದ ಡಾಟರ್ ಆಫ್ ಮಿಸೆಸ್ ಪೋರ್ಟರ್' ಎಂದಿದೆ, ಕಾಲು ತೊಳೆಯುವ ಸಾಲಿನ ಬಳಿಕ 'ಆಂಡ್ ಸೋ ದೇ ಆಟರ್, ಟು ಕೀಪ್ ದೆಮ್ ಕ್ಲೀನ್' ಎಂಬ ಮುಕ್ತಾಯವೂ ಇದೆ. ಸ್ವಚ್ಛವಾಗಿರಬೇಕಾದರೆ ಹಾಗೆ ತೊಳೆಯಲೇಬೇಕಲ್ಲ ಎಂಬ ಅರ್ಥ. ಈ ಪಾಠವನ್ನು ನಾವು ಮೊದಲು ನಂಬಿರಲಿಲ್ಲ, ಏಕೆಂದರೆ ಅದು ಗೆರೆಯ ಆಚೆಗಿನದು, ಎಲಿಯಟ್‌ನ ಸಾಲುಗಳನ್ನು ಯಾರೋ ಹಿಗ್ಗಿಸಿದ್ದೂ ಇರಬಹುದು. ಆದರೆ ಮಟ್ಟಿನ ಮೇಲೆ ಇಟ್ಟು ನೋಡಿದಾಗ ಎರಡನೆಯ ಸಾಲು ಐದು, ಐದು ಎಂದು ಸರಿಯಾಗಿ ಒಡೆಯುತ್ತದೆ. ಕಾಲು ತೊಳೆಯುವ ಸಾಲಿನ ನಾಲ್ಕು ಒತ್ತುಗಳು ರೆಡ್ ವಿಂಗ್‌ನ ಮೂರನೆಯ ಸಾಲಿನ ನಾಲ್ಕು ಒತ್ತುಗಳ ಮೇಲೆ ಕೂರುತ್ತವೆ. ಮುಕ್ತಾಯ ಐದು, ನಾಲ್ಕು ಎಂದು ಒಡೆಯುತ್ತದೆ. ಮೂಲದ ಮುಕ್ತಾಯವಾದ 'ವೈಲ್ ರೆಡ್ ವಿಂಗ್ಸ್ ವೀಪಿಂಗ್, ಹರ್ ಹಾರ್ಟ್ ಅವೇ' ಎಂಬುದೂ ಐದು, ನಾಲ್ಕು. ಕವಿತೆಯ ಮೂರು ಸಾಲನ್ನಷ್ಟೇ ಓದಿ ಬೆಳೆಸಿದವನಿಂದ ಈ ಲೆಕ್ಕ ಕೂಡಿಬರುವುದು ಕಷ್ಟ. ಧಾಟಿ ಬಲ್ಲ ಯಾರೋ ಬೇಕೆಂದೇ ತುಂಬಿಸಿರುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲವಾದರೂ, ಹಾಗೆ ತುಂಬಿಸಿದ್ದೇ ಆದರೆ ಅವನಿಗೂ ಇದು ರೆಡ್ ವಿಂಗ್‌ನ ಮಟ್ಟು ಎಂದು ಗೊತ್ತಿತ್ತು ಎಂದಾಗುತ್ತದೆ. ಎರಡು ದಾರಿಯೂ ಅದೇ ಮಟ್ಟಿಗೆ ಬಂದು ಸೇರುತ್ತವೆ.

ಎಣಿಕೆ ಕಣ್ಣಿನದು, ಕಿವಿಯ ಪರೀಕ್ಷೆಯೂ ಆಗಬೇಕೆಂದು ಫ್ರೇಜರ್ ಟೌನಿನಲ್ಲಿ ಮಕ್ಕಳಿಗೆ ಪಿಯಾನೊ ಕಲಿಸುವ ಪರಿಚಿತರೊಬ್ಬರ ಮನೆಗೆ 1907ರ ಹಾಡಿನ ಸ್ವರಲಿಪಿಯ ಪ್ರತಿಯನ್ನು ಒಯ್ದೆವು. ಅವರು ಚರಣದ ನಾಲ್ಕಾರು ಪಟ್ಟಿಗಳನ್ನು ಬಾರಿಸುತ್ತಿದ್ದಂತೆ ಕೈ ನಿಲ್ಲಿಸಿ, "ಇದು ಶೂಮನ್ ಅಲ್ವಾ ಮೇಡಂ, ನಮ್ಮ ಸಣ್ಣ ಮಕ್ಕಳೆಲ್ಲ ಬಾರಿಸ್ತಾರಲ್ಲ ಅದೇ" ಎಂದರು. ಅವರ ಗುರುತು ಸರಿಯಾಗಿತ್ತು. ರಾಬರ್ಟ್ ಶೂಮನ್ 1848ರಲ್ಲಿ ಎಳೆಯರಿಗಾಗಿ ಬರೆದ ಪಿಯಾನೊ ತುಣುಕುಗಳ ಸಂಪುಟದಲ್ಲಿ, ಕೆಲಸ ಮುಗಿಸಿ ಮನೆಗೆ ಮರಳುವ ಸಂತೋಷದ ರೈತನ ಹೆಸರಿನಲ್ಲಿ ಒಂದು ತುಣುಕಿದೆ. ಕೆರಿ ಮಿಲ್ಸ್ ತನ್ನ ಚರಣದ ಧಾಟಿಯನ್ನು ಅದರಿಂದ ಹೊಂದಿಸಿಕೊಂಡಿದ್ದಾನೆ. ಗೆಳತಿಯವರ ಮುಖ ಅರಳಿತು. ಎಲಿಯಟ್‌ನ ಮೋಟಾರು ಹಾರನ್ನುಗಳ ನಡುವೆ ಶೂಮನ್ ಇದ್ದಾನೆಂದು ಟಿಪ್ಪಣಿ ಬರೆಯುವ ಆಸೆ ಯಾರಿಗಾದರೂ ಹುಟ್ಟಬೇಕಾದದ್ದೇ.

ಆದರೆ ಅದನ್ನು ಬರೆಯುವಂತಿರಲಿಲ್ಲ. ಶೂಮನ್‌ನಿಂದ ಬಂದದ್ದು ಚರಣ. ಮಿಸೆಸ್ ಪೋರ್ಟರ್ ಕುಳಿತಿರುವುದು ಪಲ್ಲವಿಯ ಮೇಲೆ. ಹಾಡಿನ ಹೆಸರು ಹಿಡಿದು ಹುಡುಕುವಾಗ ಇದು ಮತ್ತೆ ಮತ್ತೆ ಎದುರಾಗುವ ಅಪಾಯ. ಹಾಡು ಒಂದೇ ಆದರೂ ಅದರ ಭಾಗಗಳ ವಂಶಾವಳಿ ಬೇರೆ ಬೇರೆ ಇರಬಹುದು, ಮತ್ತು ಕವಿ ಎತ್ತಿಕೊಂಡ ಸಾಲು ಯಾವ ಭಾಗದ್ದು ಎಂಬುದನ್ನು ನೋಡದೆ ಇಡೀ ಹಾಡಿನ ಚರಿತ್ರೆಯನ್ನು ಆ ಸಾಲಿಗೆ ಹೊರಿಸಿದರೆ, ಪ್ರತಿಯೊಂದು ಸಂಗತಿಯೂ ನಿಜವಾಗಿದ್ದು ಒಟ್ಟು ಮಾತು ಸುಳ್ಳಾಗುತ್ತದೆ. ಪಿಯಾನೊ ಟೀಚರ್ ಪಲ್ಲವಿಗೆ ಬಂದಾಗ ಗೆಳತಿಯವರು ಉದ್ದದ ಪಾಠವನ್ನು ಮೆಲ್ಲಗೆ ಹೇಳಿಕೊಂಡರು, ಎಲ್ಲಿಯೂ ತಡೆಯಲಿಲ್ಲ. ಕವಿತೆಯ ಪಾಠವನ್ನು ಹೇಳಿದಾಗ ನಾವು ಎಣಿಸಿ ಕಂಡಿದ್ದ ಜಾಗದಲ್ಲೇ ಪಿಯಾನೊ ಮುಂದೆ ಹೋಗಿ ಮಾತು ಹಿಂದೆ ಉಳಿಯಿತು.

ಹಾಗಾದರೆ ಎಲಿಯಟ್ ಆ ಅರ್ಧ ಸಾಲನ್ನೂ ಮುಕ್ತಾಯವನ್ನೂ ಏಕೆ ಬಿಟ್ಟ? ಅವನಿಗೆ ತಲುಪಿದ ಪಾಠವೇ ಹಾಗಿತ್ತೆಂದು ಹೇಳಿ ಬಿಡಬಹುದು. ಆದರೆ ಕವಿತೆಯ ಸನ್ನಿವೇಶ ಇದಕ್ಕಿಂತ ತೃಪ್ತಿಕರವಾದ ಉತ್ತರ ಕೊಡುತ್ತದೆಂದು ನನಗೆ ಅನ್ನಿಸುತ್ತದೆ. ಕಾಲು ತೊಳೆಯುವ ಸಾಲು ಮುಗಿದೊಡನೆ ಬರುವುದು ಗುಮ್ಮಟದೊಳಗೆ ಹಾಡುವ ಮಕ್ಕಳ ದನಿಯ ಕುರಿತ ಫ್ರೆಂಚ್ ಸಾಲು, ವರ್ಲೇನ್‌ನ 'ಪಾರ್ಸಿಫಾಲ್' ಎಂಬ ಸಾನೆಟ್ಟಿನ ಕೊನೆಯದು. ವಾಗ್ನರ್‌ನ ಅದೇ ಹೆಸರಿನ ಗೀತನಾಟಕದ ಕೊನೆಯ ಅಂಕದಲ್ಲಿ, ಕ್ರಿಸ್ತನ ಪವಿತ್ರ ಪಾತ್ರೆಯ ಸನ್ನಿಧಿಗೆ ಹೋಗುವ ಮುನ್ನ ಕುಂಡ್ರಿ ಎಂಬವಳು ನಾಯಕ ಪಾರ್ಸಿಫಾಲನ ಪಾದ ತೊಳೆಯುತ್ತಾಳೆ. ಸೈನಿಕರ ಪೋಲಿ ಹಾಡಿನ ಕಾಲು ತೊಳೆಯುವಿಕೆ ಈ ಪಾದಪ್ರಕ್ಷಾಲನೆಗೆ ನೇರವಾಗಿ ತಾಗಬೇಕಾದರೆ ನಡುವೆ ಇನ್ನೊಂದು ಮಾತು ಇರಬಾರದು. 'ಹಾಗೆ ತೊಳೆಯಲೇಬೇಕಲ್ಲ' ಎಂಬ ನಗೆಯ ಸಾಲು ಅಲ್ಲಿ ಉಳಿದಿದ್ದರೆ ಹಾಡು ತನ್ನ ಮಟ್ಟಿಗೆ ತಾನು ಮುಗಿದುಬಿಡುತ್ತಿತ್ತು. ಮಧ್ಯದಲ್ಲಿ ಕತ್ತರಿಸಿದ್ದರಿಂದ, ಧಾಟಿ ಬಲ್ಲ ಕಿವಿ ಮುಂದಿನ ಸಾಲಿಗಾಗಿ ಕಾಯುತ್ತಿರುವಾಗಲೇ ಮಕ್ಕಳ ದನಿ ಏಳುತ್ತದೆ. ಲಂಡನ್ನಿನ ಸನ್ನಿವೇಶ ಹಾಡಿನ ಹುಟ್ಟನ್ನು ಹೇಳಲಿಲ್ಲ. ಹಾಡು ಅಲ್ಲಿ ಏಕೆ ಅಷ್ಟೇ ಇದೆ ಎಂಬುದನ್ನು ಹೇಳಿತು.

ಗೆಳತಿಯವರು ಮೊದಲು ಲಾವಣಿಯ ಉದ್ದ ಸಾಲಿನಲ್ಲಿ ಬರೆದಿದ್ದ ಕರಡನ್ನು ಬಿಟ್ಟು, ನಾಲ್ಕು ಮಾತ್ರೆಯ ಗಣಗಳನ್ನು ಹಿಡಿದು, ಸಾಲಿಗೆ ನಾಲ್ಕು, ಎರಡು, ನಾಲ್ಕು ಗಣ ಬರುವಂತೆ ಹೊಸದಾಗಿ ಬರೆದರು. ಇಂಗ್ಲಿಷ್ ಪ್ರಾಸವನ್ನು ಹಾಗೇ ಉಳಿಸಿಕೊಂಡದ್ದು ದಂಡುಪ್ರದೇಶ ಇದ್ದ ಊರಿನ ಕಿವಿಗೆ ಹಿತವಾಗಿಯೇ ಕೇಳಿಸಿತು:

ತಿಂಗಳು ಬೆಳಗಿತು ಮಿಸ್ಸೆಸ್ ಪೋರ್ಟರ್,
ಜೊತೆಯಲಿ ಡಾಟರ್,
ಕಾಲ್ಗಳ ತೊಳೆವರು ಸೋಡಾ ವಾಟರ್

ಟಿಪ್ಪಣಿಯಲ್ಲಿ ಅವರು ಮೂರು ಸಂಗತಿ ಬರೆದಿದ್ದಾರೆ. ಹಾಡಿನ ಪಲ್ಲವಿಯ ಮಟ್ಟು 1907ರ 'ರೆಡ್ ವಿಂಗ್'ನದು ಎಂಬುದನ್ನು ನೇರವಾಗಿ ಹೇಳಿ, ಸಾಲುಗಳ ಲೆಕ್ಕವನ್ನು ಆಧಾರವಾಗಿ ಕೊಟ್ಟಿದ್ದಾರೆ. ಗಲ್ಲಿಪೋಲಿಯ ಸೈನಿಕರ ಸಂಗತಿಯನ್ನು 'ವ್ಯಾಖ್ಯಾನಕಾರರ ಹೇಳಿಕೆ. ಎಲಿಯಟ್‌ನ ಸಿಡ್ನಿಯ ಮಾತಿಗೂ ಚಾಪ್ಲಿನ್ ಅಣಕಿಗೂ ಹೊಂದುತ್ತದೆ' ಎಂದು ಬರೆದಿದ್ದಾರೆ. ಉದ್ದದ ಪಾಠವನ್ನು ಪೂರ್ತಿ ಕೊಟ್ಟು, ಅದು ಕವಿತೆಯ ಅನಂತರದ ಬರಹಗಳಿಂದ ಬಂದದ್ದೆಂದು ಪಕ್ಕದಲ್ಲೇ ನಮೂದಿಸಿದ್ದಾರೆ. ಶೂಮನ್‌ನ ಹೆಸರು ಟಿಪ್ಪಣಿಯಲ್ಲಿ ಇಲ್ಲ. ಮೂರನೆಯ ಸಾಲಿನ ಕೊನೆಯಲ್ಲಿ ಪೂರ್ಣವಿರಾಮ ಹಾಕಬೇಕೆಂದು ಬಳಗದ ಹಿರಿಯರೊಬ್ಬರು ಸೂಚಿಸಿದಾಗ, ಮೂಲದಲ್ಲಿಯೂ ಅಲ್ಲಿ ವಿರಾಮವಿಲ್ಲ, ಹಾಡು ಅಲ್ಲಿ ಮುಗಿದಿಲ್ಲ ಎಂದು ಅವರು ಒಪ್ಪಲಿಲ್ಲ.